ಪದಚರ್ಚೆ: ಯಂತ್ರಕ್ಕೆ ಹಾಕಿದ ಹಣ ಮರಳುವ ಅವಧಿಗೆ ಏನೆನ್ನಬೇಕು?

ಅನುವಾದಕಿ, ಶಿವಮೊಗ್ಗ:
ಮಾನ್ಯರೇ, ಮಾಚೇನಹಳ್ಳಿಯ ವರ್ಕ್‌ಶಾಪ್ ಮಾಲೀಕರೊಬ್ಬರು ಸಿಎನ್‌ಸಿ ಲೇತ್ ಕೊಳ್ಳುವ ಸಾಲಕ್ಕಾಗಿ ಸಹಕಾರಿ ಬ್ಯಾಂಕಿಗೆ ಸಲ್ಲಿಸಲಿರುವ ಪ್ರಸ್ತಾವನೆಯನ್ನು ನಾನು ಕನ್ನಡಕ್ಕೆ ತರುತ್ತಿದ್ದು, ನಾಳೆ ಮಧ್ಯಾಹ್ನದೊಳಗೆ ಕೊಡಬೇಕಾಗಿದೆ. ಅಡಿಕೆ ಸುಲಿಯುವ ಯಂತ್ರದ ಶಾಫ್ಟ್‌ಗಳಿಗೆ ಉಕ್ಕನ್ನು ತಾವೇ ಕೊಟ್ಟು ಹೊರಗೆ ಟರ್ನಿಂಗ್ ಮಾಡಿಸುವ ಇವರಿಗೆ ಆ ಕೂಲಿಯೇ ವರ್ಷಕ್ಕೆ 9 ಲಕ್ಷ ರೂಪಾಯಿ ಆಗುತ್ತಿದೆ. ಯಂತ್ರ ಬಂದರೆ ಆಪರೇಟರ್ ಸಂಬಳ, ವಿದ್ಯುತ್, ಇನ್ಸರ್ಟ್, ರಿಪೇರಿ ಸೇರಿ 4 ಲಕ್ಷದಲ್ಲಿ ಮುಗಿಯುತ್ತದೆ. ಯಂತ್ರದ ಬೆಲೆ 18 ಲಕ್ಷ. ಫೌಂಡೇಶನ್, ಸ್ಟೆಬಿಲೈಸರ್, ಟೂಲುಗಳಿಗೆ ಇನ್ನೂ 2 ಲಕ್ಷ. ವರ್ಷಕ್ಕೆ 5 ಲಕ್ಷ ಉಳಿದರೆ 20 ಲಕ್ಷ ಮರಳಲು 4 ವರ್ಷ ಬೇಕು. ಈ ಪೇಬ್ಯಾಕ್ ಪೀರಿಯಡ್‌ಗೆ ‘ಮರುಪಾವತಿ ಅವಧಿ’ ಎಂದೂ, ರಿಟರ್ನ್ ಆನ್ ಇನ್ವೆಸ್ಟ್‌ಮೆಂಟ್‌ಗೆ ‘ಹೂಡಿಕೆಯ ಮೇಲಿನ ಆದಾಯ’ ಎಂದೂ ಬರೆದಿದ್ದೇನೆ. ಆಗಬಹುದೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಸಾಗರ:
ಮೊದಲನೆಯದು ಖಂಡಿತ ಆಗದು. ಬ್ಯಾಂಕಿನಲ್ಲಿ ಮರುಪಾವತಿ ಎಂದರೆ ಸಾಲದ ಕಂತು ಕಟ್ಟುವುದು, ಬೇರೇನೂ ಅಲ್ಲ. ನೀವು ‘ಮರುಪಾವತಿ ಅವಧಿ 4 ವರ್ಷ’ ಎಂದು ಬರೆದರೆ, ಮಾಲೀಕರು 4 ವರ್ಷದಲ್ಲಿ ಸಾಲ ತೀರಿಸಲು ಒಪ್ಪಿದ್ದಾರೆಂದು ತಿಳಿದು ಅದಕ್ಕೆ ತಕ್ಕಂತೆ ಕಂತು ಹಾಕಿಬಿಡುತ್ತಾರೆ. ಆಗ ಯಂತ್ರ ಉಳಿಸಿಕೊಡುವ 5 ಲಕ್ಷವೂ ಅಸಲಿಗೇ ಹೋಗಿ, ಬಡ್ಡಿಯನ್ನು ಅವರು ಕೈಯಿಂದ ಕಟ್ಟಬೇಕಾಗುತ್ತದೆ.

ಭಾಷಾಭಿಮಾನಿ, ಭದ್ರಾವತಿ:
ಅವಧಿ, ಆದಾಯ ಎಂಬ ಸಂಸ್ಕೃತದ ಹೊರೆ ನಮಗೇಕೆ? ಮಲೆನಾಡಿನಲ್ಲಿ ‘ಹಾಕಿದ ದುಡ್ಡು ಹುಟ್ಟಿತು’ ಎನ್ನುತ್ತೇವೆ. ಹುಟ್ಟು ಅಚ್ಚಗನ್ನಡ ಧಾತು. ಅದರಿಂದಲೇ ಹುಟ್ಟುವಳಿ ಬಂದಿದೆ. ಆದ್ದರಿಂದ ಒಂದಕ್ಕೆ ‘ಅಸಲು ಹುಟ್ಟುವ ಗಡುವು’, ಇನ್ನೊಂದಕ್ಕೆ ‘ಹುಟ್ಟುವಳಿ’. ಚರ್ಚೆ ಮುಗಿಯಿತು.

ನಿವೃತ್ತ ಬ್ಯಾಂಕ್ ಅಧಿಕಾರಿ, ಸಾಗರ:
ಮುಗಿದಿಲ್ಲ. ತಮ್ಮ ‘ಅಸಲು’ ಅರಬ್ಬಿಯಿಂದ ಬಂದ ಮಾತು. ಅದಿರಲಿ, ಸಾಲದ ಕಾಗದದಲ್ಲಿ ಅಸಲೆಂದರೆ ಬಡ್ಡಿ ಬಿಟ್ಟು ಉಳಿದ ಸಾಲವಾದ್ದರಿಂದ ಮತ್ತೆ ಅದೇ ಗೊಂದಲಕ್ಕೆ ಬಂದಂತಾಯಿತು. ಗಡುವನ್ನು ಒಬ್ಬರು ವಿಧಿಸಬೇಕು. ಯಂತ್ರಕ್ಕೆ ಗಡುವು ವಿಧಿಸುವವರು ಯಾರು? ತೋಟದ ಹುಟ್ಟುವಳಿಯೂ ಗೊಬ್ಬರ, ಕೊನೆಗಾರರ ಕೂಲಿ ಕಳೆಯದ ಒಟ್ಟು ಫಸಲು. ಇಲ್ಲಿ ಬೇಕಾದದ್ದು ಎಲ್ಲ ಕಳೆದು ಉಳಿದದ್ದು.

ಉಪನ್ಯಾಸಕ, ಹೊಸನಗರ:
‘ಮೇಲಿನ’ ಎಂಬುದು ಇಂಗ್ಲಿಷಿನ ಪಡಿಯಚ್ಚು. ಕನ್ನಡದಲ್ಲಿ ಬಡ್ಡಿಯನ್ನು ಚತುರ್ಥಿಯಲ್ಲಿ, ‘ನೂರಕ್ಕೆ ಎರಡು ರೂಪಾಯಿ’ ಎಂದೇ ಹೇಳುವುದು. ಇಲ್ಲಿ ಹಣ ಒಳಬರುತ್ತಿಲ್ಲ, ಹೊರಹೋಗುವುದು ತಪ್ಪುತ್ತಿದೆ; ಹಾಗಾಗಿ ‘ಆದಾಯ’ವೂ ಹೊಂದದು, ‘ಹೂಡಿಕೆಯ ಪ್ರತಿಫಲ’ ಎನ್ನಿ. ಲೆಕ್ಕ ಸುಲಭ: 4 ವರ್ಷದಲ್ಲಿ ಮರಳುವುದೆಂದರೆ ನೂರಕ್ಕೆ 25.

ನಿವೃತ್ತ ಬ್ಯಾಂಕ್ ಅಧಿಕಾರಿ, ಸಾಗರ:
ಪದ ಒಪ್ಪಿದೆ, ಲೆಕ್ಕ ಒಪ್ಪುವುದಿಲ್ಲ. ಯಂತ್ರವೂ ಸವೆಯುತ್ತದಲ್ಲವೇ? ಹತ್ತು ವರ್ಷದಲ್ಲಿ ಗುಜರಿಗೆ ಹೋಗುತ್ತದೆಂದು ಹಿಡಿದರೆ, ಗುಜರಿ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ವರ್ಷಕ್ಕೆ 2 ಲಕ್ಷ ಸವಕಳಿ. ಅದನ್ನು ಕಳೆದರೆ ಲಾಭ 3 ಲಕ್ಷ, ಅಂದರೆ ಹೂಡಿದ ನೂರಕ್ಕೆ ವರ್ಷಕ್ಕೆ 15. ಹಣ ಮರಳುವ ಅವಧಿಯ ಲೆಕ್ಕದಲ್ಲಿ ಮಾತ್ರ ಸವಕಳಿ ಕಳೆಯಬಾರದು, ಏಕೆಂದರೆ ಅದು ಕೈಯಿಂದ ಹೋಗುವ ದುಡ್ಡಲ್ಲ. ಸವಕಳಿ ಕಳೆದ 3 ಲಕ್ಷದಿಂದಲೇ 20 ಲಕ್ಷವನ್ನು ಭಾಗಿಸಿ ‘ಆರೂವರೆ ವರ್ಷಕ್ಕೂ ಹೆಚ್ಚು ಬೇಕು’ ಎಂದು ಹೆದರಿ ಪ್ರಸ್ತಾವನೆ ಹಿಂಪಡೆದವರನ್ನೂ ನಾನು ಕಂಡಿದ್ದೇನೆ.

ಕೃಷಿಕ, ತೀರ್ಥಹಳ್ಳಿ:
ಪದ ಯಾವುದಾದರೂ ಆಗಲಿ, ನನ್ನ ಅನುಭವ ಕೇಳಿ. ಬಾಡಿಗೆಗೆ ಸುಲಿದುಕೊಡಲೆಂದು ಯಂತ್ರ ತಂದು, ಕೊಯ್ಲಿನ ಒಂದು ತಿಂಗಳ ಗಳಿಕೆಯನ್ನು ಹನ್ನೆರಡರಿಂದ ಗುಣಿಸಿ ಒಂದೇ ವರ್ಷದಲ್ಲಿ ದುಡ್ಡು ಹುಟ್ಟುತ್ತದೆ ಎಂದುಕೊಂಡಿದ್ದೆ. ಸುಗ್ಗಿ ಮುಗಿದ ಮೇಲೆ ಅದು ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ಮಲಗಿತು. ಮೂರನೆಯ ಸುಗ್ಗಿಗೆ ಹುಟ್ಟಿತು.

ಭಾಷಾಭಿಮಾನಿ, ಭದ್ರಾವತಿ:
ಸುಲಿಯುವ ಯಂತ್ರದ ಕಥೆ ಇಲ್ಲಿ ಅಪ್ರಸ್ತುತ. ಆದರೆ ಅವರೂ ‘ಹುಟ್ಟಿತು’ ಎಂದೇ ಬರೆದಿರುವುದನ್ನು ಎಲ್ಲರೂ ಗಮನಿಸಬೇಕು.

ಅನುವಾದಕಿ, ಶಿವಮೊಗ್ಗ:
ಅಪ್ರಸ್ತುತವಲ್ಲ. ಮಾಲೀಕರನ್ನು ಫೋನಿನಲ್ಲಿ ವಿಚಾರಿಸಿದಾಗ, 9 ಲಕ್ಷವು ಕಳೆದ ವರ್ಷದ ಪೂರ್ತಿ ಬಿಲ್ಲುಗಳ ಮೊತ್ತವೆಂದೂ, ಆದರೆ ಆ ವರ್ಷ ಆರ್ಡರು ಎಂದಿಗಿಂತ ಹೆಚ್ಚಿತ್ತೆಂದೂ ಹೇಳಿದರು. ಆ ಕೂಲಿ 7 ಲಕ್ಷಕ್ಕೆ ಇಳಿದು, ಖರ್ಚು ಹಾಗೆಯೇ ಉಳಿದರೆ ಅವಧಿ 6 ವರ್ಷ 8 ತಿಂಗಳಾಗುತ್ತದೆ. ಎರಡೂ ಲೆಕ್ಕವನ್ನು ‘ಹೂಡಿಕೆ ಮರಳುವ ಅವಧಿ’ ಎಂಬ ತಲೆಬರಹದಡಿ ಹಾಕಿ, ಸಾಲದ ಮರುಪಾವತಿಯನ್ನು ಬೇರೆ ಪುಟಕ್ಕೆ ಒಯ್ದಿದ್ದೇನೆ. ‘ಹೂಡಿಕೆ ಹುಟ್ಟುವ ಅವಧಿ’ ಎಂದೇ ಬರೆಯುವ ಆಸೆಯಿತ್ತು. ಹೂಡಿಕೆ ಈಗಷ್ಟೇ ಶುರುವಾಗುತ್ತದೆ ಎಂದು ಬ್ಯಾಂಕಿನ ನಿರ್ದೇಶಕರು ಓದಿಕೊಂಡಾರು ಎಂದು ಮಾಲೀಕರೇ ಹೊಡೆದುಹಾಕಿದರು.

ಭಾಷಾಭಿಮಾನಿ, ಭದ್ರಾವತಿ:
ಹಾಗಾದರೆ ‘ದುಡ್ಡು ಹುಟ್ಟುವ ಹೊತ್ತು’ ಎನ್ನಬಹುದಿತ್ತು.