ಅರ್ಧ ಲಾಭಕ್ಕೆ ಸ್ಪ್ರೆಡ್ ಮುಚ್ಚುವ ನಿಯಮ: ಪರೀಕ್ಷಿಸಿ ನೋಡಿದವರು ಇದ್ದೀರಾ?

ವಿಜಯಪುರದಿಂದ, ದ್ರಾಕ್ಷಿ ಬೆಳೆಗಾರ

ನಿಫ್ಟಿಯಲ್ಲಿ ವಾರದ ಪುಟ್ ಸ್ಪ್ರೆಡ್ ಮಾರುತ್ತೇನೆ. ಸೂಚ್ಯಂಕ 24,500ರಲ್ಲಿದ್ದಾಗ 24,250ರ ಪುಟ್ ಅನ್ನು 78ಕ್ಕೆ ಮಾರಿ, 24,050ರ ಪುಟ್ ಅನ್ನು 38ಕ್ಕೆ ಕೊಂಡಿದ್ದೆ. ಕೈಗೆ ಬಂದದ್ದು 40 ಪಾಯಿಂಟ್, ಆಗ ಲಾಟ್ 75. ಸ್ಪ್ರೆಡ್ ಬೆಲೆ 20ಕ್ಕೆ ಇಳಿದ ಕೂಡಲೇ ಅರ್ಧ ಲಾಭ ತೆಗೆದುಕೊಂಡು ಹೊರಬರಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾರಾದರೂ ಹಳೆಯ ಬೆಲೆಗಳ ಮೇಲೆ ಪರೀಕ್ಷಿಸಿ ನೋಡಿದ್ದೀರಾ? ಅನುಭವ ಹೇಳಿ.

ಬಾಗಲಕೋಟೆಯಿಂದ, ಅಡತಿ ಅಂಗಡಿಯವರು

ಪರೀಕ್ಷೆ ಏಕೆ ಬೇಕು? ನನ್ನ ವಹಿಯೇ ಇದೆ. ನಿಮ್ಮಂಥದ್ದೇ ಸ್ಪ್ರೆಡ್, ಅಷ್ಟೇ ಅಗಲ, ಹೆಚ್ಚುಕಡಿಮೆ ಅಷ್ಟೇ ಹಣ. 19 ಸಲ ಮಾಡಿದೆ, 17 ಸಲ ಅರ್ಧ ಲಾಭ ಸಿಕ್ಕಿತು. ಮೊದಲು ಕೊನೆಯ ದಿನದವರೆಗೆ ಕಾಯುತ್ತಿದ್ದಾಗ ಐದರಲ್ಲಿ ಒಂದು ಕೈಕೊಡುತ್ತಿತ್ತು. ಬೆಲೆ ಬಂದಾಗ ಮಾಲು ಮಾರಬೇಕು, ಗೋದಾಮಿನಲ್ಲಿ ಇಟ್ಟರೆ ಹುಳ ಹಿಡಿಯುತ್ತದೆ.

ಜಮಖಂಡಿಯಿಂದ, ಶಿಕ್ಷಕಿ

ನಾನಂತೂ ಅರ್ಧವೂ ಇಲ್ಲ, ಕಾಲೂ ಇಲ್ಲ, ಕೊನೆಯ ವಾರ ಬಂದರೆ ಮುಚ್ಚಿಬಿಡುತ್ತೇನೆ. ಒಂದು ಕಂಪನಿ ಷೇರಿನ ಪುಟ್ ಸ್ಪ್ರೆಡ್ ಮಾರಿದ್ದೆ. ಎಕ್ಸ್‌ಪೈರಿ ಹತ್ತಿರವಾದಂತೆ ಮಾರ್ಜಿನ್ ಏರುತ್ತಲೇ ಹೋಯಿತು. ಕೊನೆಗೆ ಬೆಲೆ ಎರಡು ಸ್ಟ್ರೈಕ್‌ಗಳ ನಡುವೆ ನಿಂತರೆ ಷೇರುಗಳನ್ನೇ ಖರೀದಿಸಬೇಕಾಗುತ್ತದೆ ಎಂದು ಬ್ರೋಕರ್ ಕಡೆಯಿಂದ ಕರೆ ಬಂತು. ಆ ರಾತ್ರಿ ನಿದ್ದೆಯೇ ಇಲ್ಲ. ಆದ್ದರಿಂದ ಬೇಗ ಮುಚ್ಚುವುದೇ ಸರಿ.

ಬೆಳಗಾವಿಯಿಂದ, ಸಂಖ್ಯಾಶಾಸ್ತ್ರದ ಉಪನ್ಯಾಸಕ

ಮೇಡಂ, ನೀವು ಹೇಳಿದ್ದು ನಿಜ, ಆದರೆ ಅದು ಕಂಪನಿ ಷೇರುಗಳ ಆಪ್ಷನ್ ಮಾತು. ಅವುಗಳಲ್ಲಿ ಷೇರುಗಳನ್ನೇ ಕೊಟ್ಟು ತೆಗೆದುಕೊಳ್ಳಬೇಕು. ನಿಫ್ಟಿ ನಗದಿನಲ್ಲಿ ಮುಗಿಯುತ್ತದೆ, ಅಲ್ಲಿ ಆ ಭಯವಿಲ್ಲ.

ಸಾಹುಕಾರರೇ, ನಿಮ್ಮ ವಹಿಯನ್ನೇ ತೆಗೆದುಕೊಳ್ಳೋಣ. ಅರ್ಧ ಲಾಭ ಎಂದರೆ 20 ಪಾಯಿಂಟ್, 1,500 ರೂಪಾಯಿ. 17 ಸಲಕ್ಕೆ 25,500. ಪೂರ್ತಿ ಕೈಕೊಟ್ಟರೆ 160 ಪಾಯಿಂಟ್, 12,000 ರೂಪಾಯಿ. ಎರಡು ಸಲಕ್ಕೆ 24,000. ಉಳಿದದ್ದು 1,500. ಇನ್ನು ಹೊರಬರುವ ಖರ್ಚು: ಎರಡು ಆರ್ಡರ್‌ಗಳ ದಲ್ಲಾಳಿ, ತೆರಿಗೆ, ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರದಲ್ಲಿ ಒಂದೆರಡು ಪಾಯಿಂಟ್. ಸಲಕ್ಕೆ 150 ಎಂದರೂ 17 ಸಲಕ್ಕೆ 2,550. ಹತ್ತರಲ್ಲಿ ಒಂಬತ್ತು ಸಲ ಗೆದ್ದವರು ಗಲ್ಲಾಪೆಟ್ಟಿಗೆಯಿಂದ ಸಾವಿರ ರೂಪಾಯಿ ಕಳೆದುಕೊಂಡಂತಾಯಿತು.

ಇದು ನಿಮ್ಮ ದುರದೃಷ್ಟವಲ್ಲ. 200 ಪಾಯಿಂಟ್ ಅಗಲದ ಸ್ಪ್ರೆಡ್‌ಗೆ ಮಾರುಕಟ್ಟೆ 40 ಕೊಡುತ್ತಿದೆ ಎಂದರೆ, ಸುಮಾರು ಐದರಲ್ಲಿ ಒಂದು ಸಲ ಅದು ಪೂರ್ತಿ ಮುಳುಗಬಹುದು ಎಂದು ಲೆಕ್ಕ ಹಾಕಿದೆ. ಕೊನೆಯವರೆಗೆ ಕಾದರೆ 80 ಸಲ 40 ಗೆದ್ದು, 20 ಸಲ 160 ಸೋತು ಸಮಸಮ. ಅರ್ಧಕ್ಕೆ ಮುಚ್ಚಿದರೆ ಗೆಲುವು 20ಕ್ಕೆ ಇಳಿಯುತ್ತದೆ, ಸೋಲು 160ರಲ್ಲೇ ಇರುತ್ತದೆ. ಆಗ ಸಮಸಮ ಆಗಲು ಶೇಕಡ 89 ಗೆಲುವು ಬೇಕು. ಬೆಲೆ ನ್ಯಾಯವಾಗಿದ್ದರೆ ಗೆಲುವು 80ರಿಂದ ಸರಿಯಾಗಿ ಅಲ್ಲಿಗೇ ಏರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಅಂದರೆ ನಿಯಮ ಗೆಲುವಿನ ಸಂಖ್ಯೆಯನ್ನು ಹೆಚ್ಚಿಸಿ, ಪ್ರತಿ ಗೆಲುವಿನ ಗಾತ್ರವನ್ನು ಅಷ್ಟೇ ಕುಗ್ಗಿಸುತ್ತದೆ. ನಡುವೆ ಹೊಸದಾಗಿ ಬಂದದ್ದು ಖರ್ಚು ಮಾತ್ರ.

ಸ್ಪ್ರೆಡ್ 20ಕ್ಕೆ ಬಂದ ಕ್ಷಣದಲ್ಲಿ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮುಂದೆ ಗಳಿಸಲು 20 ಇದೆ, ಕಳೆದುಕೊಳ್ಳಲು 180 ಇದೆ. ಕೈಯಲ್ಲಿ ಏನೂ ಇಲ್ಲದಿದ್ದರೆ ಇವತ್ತು ಈ ಸ್ಪ್ರೆಡ್ ಅನ್ನು 20ಕ್ಕೆ ಹೊಸದಾಗಿ ಮಾರುತ್ತಿದ್ದೆನೇ? ಮೊದಲು 40 ಸಿಕ್ಕಿತ್ತು ಎಂಬುದು ಮಾರುಕಟ್ಟೆಗೆ ಗೊತ್ತೇ ಇಲ್ಲ.

ಬಾಗಲಕೋಟೆಯಿಂದ, ಅಡತಿ ಅಂಗಡಿಯವರು

ಲೆಕ್ಕ ಒಪ್ಪಿದೆ, ಆದರೆ ಆ ಎರಡು ಸೋಲುಗಳಲ್ಲಿ ಒಂದರಲ್ಲಿ ನಾನು 7,000 ನಷ್ಟಕ್ಕೇ ಹೊರಬಂದಿದ್ದೆ. ಆದ್ದರಿಂದ ನನಗೆ ಲಾಭವೇ ಆಗಿದೆ.

ಬೆಳಗಾವಿಯಿಂದ, ಸಂಖ್ಯಾಶಾಸ್ತ್ರದ ಉಪನ್ಯಾಸಕ

ಹಾಗಾದರೆ ಉಳಿಸಿದ್ದು ನಷ್ಟ ಕತ್ತರಿಸಿದ ನಿರ್ಧಾರ, ಅರ್ಧ ಲಾಭದ ನಿಯಮವಲ್ಲ. ಆ ನಿರ್ಧಾರಕ್ಕೂ ಇನ್ನೊಂದು ಬದಿ ಇದೆ: ಹಾಗೆ ಕತ್ತರಿಸಿದವುಗಳಲ್ಲಿ ಕೆಲವು ಮತ್ತೆ ಮೇಲೇಳುತ್ತಿದ್ದವು. ನಿಮ್ಮ ಒಂದೇ ಉದಾಹರಣೆಯಿಂದ ಅದನ್ನು ತೀರ್ಮಾನಿಸಲಾಗದು.

ಇನ್ನು ದ್ರಾಕ್ಷಿಯವರು ಕೇಳಿದ ಪರೀಕ್ಷೆಯ ವಿಷಯ. ನಾನು ಎನ್‌ಎಸ್‌ಇಯ ದಿನದ ಭಾವ್‌ಕಾಪಿ ಇಳಿಸಿಕೊಂಡು ಮಾಡಿದೆ. ಮೊದಲ ಸಲ ಅರ್ಧ ಲಾಭದ ನಿಯಮ ಅದ್ಭುತವಾಗಿ ಗೆದ್ದಿತು. ಅಷ್ಟು ಚೆನ್ನಾಗಿದ್ದದ್ದೇ ಅನುಮಾನ ತಂದಿತು. ತಪ್ಪು ಎಲ್ಲಿತ್ತೆಂದರೆ, ಮಾರಿದ ಪುಟ್‌ನ ದಿನದ ಕನಿಷ್ಠ ಬೆಲೆಯನ್ನೂ ಕೊಂಡ ಪುಟ್‌ನ ದಿನದ ಗರಿಷ್ಠ ಬೆಲೆಯನ್ನೂ ಹಿಡಿದು ಸ್ಪ್ರೆಡ್ ಬೆಲೆ ತೆಗೆದಿದ್ದೆ. ಅವೆರಡೂ ಒಂದೇ ಗಳಿಗೆಯಲ್ಲಿ ಬರುವುದೇ ಇಲ್ಲ. ಸೂಚ್ಯಂಕ ಇಳಿದಾಗ ಎರಡೂ ಪುಟ್‌ಗಳು ಏರುತ್ತವೆ, ಏರಿದಾಗ ಎರಡೂ ಇಳಿಯುತ್ತವೆ. ನಿಜದಲ್ಲಿ ಯಾರೂ ಕೊಡದ ಬೆಲೆಗೆ ನನ್ನ ಪ್ರೋಗ್ರಾಂ ಹೊರಬರುತ್ತಿತ್ತು. ದಿನದ ಕೊನೆಯ ಬೆಲೆ ಹಿಡಿದರೂ ದೂರದ ಸ್ಟ್ರೈಕ್‌ಗಳಲ್ಲಿ ಕೊನೆಯ ವಹಿವಾಟು ಮಧ್ಯಾಹ್ನವೇ ಮುಗಿದಿರಬಹುದು. ಎರಡೂ ಕಾಲುಗಳ ಬೆಲೆ ಒಂದೇ ನಿಮಿಷದ್ದಾಗಿರಬೇಕು, ಕೊಳ್ಳುವಾಗ ಮಾರುವವನ ಬೆಲೆ, ಮಾರುವಾಗ ಕೊಳ್ಳುವವನ ಬೆಲೆ ಹಿಡಿಯಬೇಕು. ಹಾಗೆ ಸರಿಪಡಿಸಿದ ಮೇಲೆ ಗೆಲುವಿನ ಪ್ರಮಾಣ ಹೆಚ್ಚೇ ಉಳಿಯಿತು, ಒಟ್ಟು ಹಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ.

ಎರಡನೆಯದು, ಪರೀಕ್ಷೆಯ ಅವಧಿ. 2024ರ ಜೂನ್ 4ರಂದು, ಚುನಾವಣಾ ಫಲಿತಾಂಶದ ದಿನ, ನಿಫ್ಟಿ 1,379 ಪಾಯಿಂಟ್ ಬಿದ್ದಿತು, ಸುಮಾರು ಶೇಕಡ 6. ಹಿಂದಿನ ದಿನ ಮಾರಿದ ಪುಟ್ ಸ್ಪ್ರೆಡ್ ಅರ್ಧ ಲಾಭದ ಮುಖವನ್ನೇ ನೋಡದೆ ಮುಳುಗಿತು. ನಿಮ್ಮ ಪರೀಕ್ಷೆ ಆ ವರ್ಷದ ಮೇ ತಿಂಗಳಿಗೆ ನಿಂತರೆ ಒಂದು ಉತ್ತರ, ಜೂನ್ ಸೇರಿದರೆ ಇನ್ನೊಂದು. ಅರ್ಧವೋ ಪೂರ್ತಿಯೋ ಎಂಬುದಕ್ಕಿಂತ ಆ ಒಂದು ದಿನವೇ ಫಲಿತಾಂಶವನ್ನು ಹೆಚ್ಚು ಅಲುಗಾಡಿಸುತ್ತದೆ.

ವಿಜಯಪುರದಿಂದ, ದ್ರಾಕ್ಷಿ ಬೆಳೆಗಾರ

ಸರ್, ಹಾಗಾದರೆ ಅಮೆರಿಕದ ಟೇಸ್ಟಿಟ್ರೇಡ್‌ನವರು ಇದನ್ನೇ ಏಕೆ ಹೇಳುತ್ತಾರೆ? ಅವರೂ ಪರೀಕ್ಷೆ ಮಾಡಿದ್ದಾರಲ್ಲ?

ಬೆಳಗಾವಿಯಿಂದ, ಸಂಖ್ಯಾಶಾಸ್ತ್ರದ ಉಪನ್ಯಾಸಕ

ಅವರ ಮಾತು ಸುಮಾರು 45 ದಿನ ಬಾಕಿ ಇರುವ ಆಪ್ಷನ್‌ಗೆ. ಅರ್ಧ ಲಾಭ ಬೇಗ ಬಂದರೆ ಹಣ ಬಿಡುಗಡೆಯಾಗುತ್ತದೆ, ಅದರಿಂದ ಮತ್ತೊಂದನ್ನು ಮಾರಬಹುದು. ಆದ್ದರಿಂದ ಪ್ರತಿ ವಹಿವಾಟಿಗಲ್ಲ, ಪ್ರತಿ ದಿನಕ್ಕೆ ಎಷ್ಟು ಬಂತು ಎಂದು ನೋಡಬೇಕು ಎಂಬುದು ಅವರ ತರ್ಕ. ಆಪ್ಷನ್ ಬೆಲೆ ನ್ಯಾಯಕ್ಕಿಂತ ತುಸು ಹೆಚ್ಚಿದ್ದರೆ ಅದು ಕೆಲಸ ಮಾಡುತ್ತದೆ. ನಮ್ಮ ವಾರದ ಸ್ಪ್ರೆಡ್‌ನಲ್ಲಿ ಅರ್ಧ ಲಾಭ ಬರುವಾಗ ಉಳಿದಿರುವುದೇ ಎರಡು ಮೂರು ದಿನ. ಬಿಡುಗಡೆಯಾದ ಹಣ ಮುಂದಿನ ವಾರದವರೆಗೆ ಸುಮ್ಮನೆ ಕುಳಿತರೆ ಆ ತರ್ಕಕ್ಕೆ ಕಾಲೇ ಇಲ್ಲ. ಕೂಡಲೇ ಮುಂದಿನ ವಾರದ್ದನ್ನು ಮಾರಿದರೆ ಖರ್ಚಿನ ನಂತರವೂ ಲಾಭವೇ? ನನ್ನ ಲೆಕ್ಕದಲ್ಲಿ ಅದು ಒಂದು ವರ್ಷ ಹೌದು, ಇನ್ನೊಂದು ವರ್ಷ ಇಲ್ಲ ಎನ್ನುತ್ತಿದೆ.

ಆದರೂ ನಾನು ಬಹಳ ಸಲ ಬೇಗ ಮುಚ್ಚುತ್ತೇನೆ ಎಂದರೆ ನಗಬೇಡಿ. ಕೊನೆಯ ದಿನ ಸೂಚ್ಯಂಕ 24,250ರ ಆಸುಪಾಸಿನಲ್ಲಿ ಓಲಾಡುವಾಗ ಪಾಠ ಮಾಡಲು ಆಗುವುದಿಲ್ಲ. ಅದು ನನ್ನ ಮನಸ್ಸಿನ ಖರ್ಚು, ಪರೀಕ್ಷೆಯ ಕೋಷ್ಟಕದಲ್ಲಿ ಅದಕ್ಕೆ ಸಾಲಿಲ್ಲ.

ಬಾಗಲಕೋಟೆಯಿಂದ, ಅಡತಿ ಅಂಗಡಿಯವರು

ಮುಚ್ಚುವವರಿಗೆ ಒಂದು ಮಾತು. ಮೊದಲು ಮಾರಿದ್ದನ್ನು ಮರಳಿ ಕೊಳ್ಳಿ, ಆಮೇಲೆ ಕೊಂಡದ್ದನ್ನು ಮಾರಿ. ನಾನು ಒಮ್ಮೆ ತಿರುಗುಮುರುಗು ಮಾಡಿದೆ. ಹೆಡ್ಜ್ ಹೋದ ಕೂಡಲೇ ಮಾರ್ಜಿನ್ ಲಕ್ಷ ದಾಟಿ ಖಾತೆ ಕೆಂಪಾಯಿತು. ಇನ್ನು ಆ ಎರಡನೇ ನಷ್ಟದ ಲೆಕ್ಕವನ್ನು ದೀಪಾವಳಿ ವಹಿ ಪೂಜೆಯ ಹೊತ್ತಿಗೆ ಮತ್ತೆ ನೋಡುತ್ತೇನೆ, ಸರ್. ಒಂದೇ ಉದಾಹರಣೆ ಸಾಲದು ಎಂದಿರಲ್ಲ, ಎಷ್ಟಾದರೆ ಸಾಕು?