ತುರ್ತು: ‘ಕ್ರಯಪತ್ರ’ಕ್ಕೂ ಮುಂಚಿನ ಕಾಗದಕ್ಕೆ ಏನನ್ನೋಣ?

ಸುಜಾತಾ, ಮೈಸೂರು

ಎಲ್ಲರಿಗೂ ನಮಸ್ಕಾರ. ಸೈಟು ಕೊಳ್ಳುವವರಿಗೆ ಅಂತ ನಮ್ಮ ಬಡಾವಣೆಯ ಸಂಘ ಒಂದು ಕರಪತ್ರ ಹಂಚುತ್ತಿದೆ. ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಸೇಲ್ ಡೀಡ್‌ಗೆ ‘ಮಾರಾಟ ಪತ್ರ’, ಅಗ್ರಿಮೆಂಟ್ ಟು ಸೆಲ್‌ಗೆ ‘ಮಾರಾಟ ಒಪ್ಪಂದ ಪತ್ರ’ ಅಂತ ಹಾಕಿದ್ದೆ. ಕರಡು ಓದಿದ ನಮ್ಮತ್ತೆ, ‘ಎರಡೂ ಒಂದೇ ಅಲ್ವೇನಮ್ಮಾ, ಒಂದಕ್ಕೆ ಹೆಸರು ಉದ್ದ ಅಷ್ಟೇ’ ಅಂದರು. ಅವೆರಡೂ ಒಂದಲ್ಲ ಅಂತ ಹೇಳೋದಕ್ಕೇ ಈ ಕರಪತ್ರ! ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ಕಂಡ ಕೂಡಲೇ ಬೇರೆ ಅಂತ ಗೊತ್ತಾಗುವ ಜೋಡಿ ಪದ ಬೇಕು.

ವಾಸುದೇವ, ಹಾಸನ

ಮೂವತ್ತು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆದವನು ನಾನು. ಮೊದಲನೆಯದು ಕ್ರಯಪತ್ರ. ಎರಡನೆಯದು ಕ್ರಯದ ಕರಾರು ಪತ್ರ. ಹೊಸದಾಗಿ ಹುಟ್ಟಿಸುವ ಅಗತ್ಯ ಇಲ್ಲ.

ಆದರೆ ನಿಮ್ಮತ್ತೆಯವರ ಗೊಂದಲ ಸುಳ್ಳಲ್ಲ. ಎಷ್ಟೋ ಕಾಗದದ ತಲೆಯ ಮೇಲೆ ‘ಶುದ್ಧ ಕ್ರಯದ ಕರಾರು ಪತ್ರ’ ಅಂತ ಇರುತ್ತದೆ. ಓದುವವನ ಕಣ್ಣು ‘ಶುದ್ಧ ಕ್ರಯ’ದ ಹತ್ತಿರವೇ ನಿಂತುಬಿಡುತ್ತದೆ. ಸೈಟು ತನ್ನದಾಯಿತು ಅಂದುಕೊಂಡು ಮನೆಗೆ ಹೋಗುತ್ತಾನೆ. ಅದಕ್ಕೇ ತಲೆಬರಹ ಬಿಟ್ಟು ಒಳಗಿನ ಕ್ರಿಯಾಪದ ನೋಡಿ ಅಂತ ನಾನು ಹೇಳೋದು. ಕ್ರಯಪತ್ರದಲ್ಲಿ ‘ಪೂರ್ತಿ ಹಣ ಪಡೆದು ಶುದ್ಧ ಕ್ರಯಕ್ಕೆ ಕೊಟ್ಟಿರುತ್ತೇನೆ’ ಅಂತ ಇರುತ್ತದೆ. ಕರಾರಿನಲ್ಲಿ ‘ಕೊಡಲು ಒಪ್ಪಿರುತ್ತೇನೆ, ಬಾಕಿ ಹಣ ಕೊಟ್ಟಾಗ ಕ್ರಯಪತ್ರ ಮಾಡಿಸಿಕೊಡುತ್ತೇನೆ’ ಅಂತ. ಒಂದು ಆಗಿಹೋದ ಕೆಲಸ, ಇನ್ನೊಂದು ಆಗಬೇಕಾದ ಕೆಲಸ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಹೇಳೋದೂ ಅದನ್ನೇ. ಬರೀ ಕರಾರಿನಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. 1882ರಿಂದಲೂ ಇರುವ ಮಾತು.

ಬಸವರಾಜ, ಧಾರವಾಡ

ನಮ್ಮ ಕಡೆ ಖರೀದಿ ಪತ್ರ, ಸಂಚಕಾರ ಪತ್ರ. ಯಾರಿಗೂ ಗೊಂದಲ ಇಲ್ಲ. ಮೈಸೂರಿನವರು ಇದನ್ನೇ ತಗೊಳ್ರಿ.

ಸುಜಾತಾ

‘ಸಂಚಕಾರ’ ಅಂದರೆ ಇಲ್ಲಿ ಜೀವಕ್ಕೆ ಅಪಾಯ ಅಂತ ಸರ್! ‘ಸಂಚಕಾರ ಪತ್ರ’ ಅಂತ ಅಚ್ಚಾದರೆ ಬಿಲ್ಡರ್ ನಮ್ಮ ಮೇಲೆ ಕೇಸು ಹಾಕಿಯಾನು.

ಶ್ರೀಧರ, ಬೆಂಗಳೂರು

ಅಪಾಯ ಅನ್ನೋದು ಆಮೇಲೆ ಬಂದ ಅರ್ಥ. ಸಂಸ್ಕೃತದ ‘ಸತ್ಯಂಕಾರ’ ಪ್ರಾಕೃತಕ್ಕೆ ಹೋಗಿ ‘ಸಚ್ಚಕಾರ’, ಅಲ್ಲಿಂದ ನಮ್ಮ ‘ಸಂಚಕಾರ’. ಮಾತು ಸತ್ಯ ಮಾಡುವುದಕ್ಕೆ ಕೊಡುವ ಮುಂಗಡ. ತಮಿಳಿನ ‘ಅಚ್ಚಾರಂ’ ಕೂಡ ಇದೇ ಮನೆಯದು. ಎತ್ತಿನ ವ್ಯಾಪಾರಕ್ಕೂ ಸಂಚಕಾರ ಕೊಡುತ್ತಿದ್ದರು. ಮಾತಿಗೆ ತಪ್ಪಿದರೆ ಆ ಹಣ ಹೋಯಿತು. ಆ ಭಯದಿಂದಲೇ ‘ಪ್ರಾಣಕ್ಕೆ ಸಂಚಕಾರ’ ಬಂದಿರಬೇಕು ಅಂತ ನನ್ನ ಊಹೆ. ಇಷ್ಟು ಹಳೆಯ, ಇಷ್ಟು ಒಪ್ಪುವ ಪದ ಬಿಟ್ಟು ಅರಬಿ ಮೂಲದ ‘ಕರಾರು’ ಯಾಕೆ?

ಇನ್ನು ‘ಕ್ರಯ’ವೂ ತಪ್ಪೇ. ಕ್ರಯ ಅಂದರೆ ಕೊಳ್ಳೋದು, ವಿಕ್ರಯ ಅಂದರೆ ಮಾರೋದು. ಬರೆದುಕೊಡುವವನು ಮಾರುವವನು. ಆದ್ದರಿಂದ ‘ವಿಕ್ರಯಪತ್ರ’ ಆಗಬೇಕು.

ವಾಸುದೇವ

ಆಗಬೇಕಿಲ್ಲ. ಕನ್ನಡದಲ್ಲಿ ಕ್ರಯ ಅಂದರೆ ಬೆಲೆ. ‘ಕ್ರಯಕ್ಕೆ ಕೊಟ್ಟೆ’ ಅಂದರೆ ಮಾರಿದೆ ಅಂತ ಹಳ್ಳಿಯ ಮಗುವಿಗೂ ಗೊತ್ತು. ವಿಕ್ರಯಪತ್ರ ಅಂತ ಬರೆದುಕೊಟ್ಟರೆ ಕಕ್ಷಿದಾರ ಎದ್ದು ಪಕ್ಕದ ಮೇಜಿಗೆ ಹೋಗುತ್ತಾನೆ.

ನವೀನ, ತುಮಕೂರು

ಈ ಪದದ ಜಗಳ ಸುಮ್ನೆ ಯಾಕೆ? ಅಗ್ರಿಮೆಂಟನ್ನೇ ರಿಜಿಸ್ಟರ್ ಮಾಡಿಸಿಬಿಟ್ಟರೆ ಅದಕ್ಕೂ ಕ್ರಯಪತ್ರದಷ್ಟೇ ಬಲ ಬರುತ್ತದೆ. ಹಾಗಾಗಿ ‘ನೋಂದಾಯಿತ ಪತ್ರ’, ‘ನೋಂದಾಯಿಸದ ಪತ್ರ’ ಅಂತ ಹಾಕಿ. ಮುಗೀತು.

ವಾಸುದೇವ

ದಯವಿಟ್ಟು ಹಾಗೆ ಹಾಕಬೇಡಿ. ಅರ್ಧ ಮಾತ್ರ ಸರಿ. ನೋಂದಣಿಯಾದ ಕರಾರು ಇ.ಸಿ.ಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ, ಕಾಣುತ್ತದೆ. ಆ ಸೈಟು ಕೊಳ್ಳಲು ಬರುವ ಇನ್ನೊಬ್ಬನಿಗೆ ಅದು ಎಚ್ಚರಿಕೆ. ಅಷ್ಟು ಲಾಭ ಉಂಟು. ಆದರೂ ಒಡೆಯ ಮಾರುವವನೇ. ಅವನು ಕೈಕೊಟ್ಟರೆ ‘ಕ್ರಯಪತ್ರ ಮಾಡಿಸಿಕೊಡಿ’ ಅಂತ ಕೋರ್ಟಿಗೆ ಹೋಗಬೇಕು. ಅದಕ್ಕೂ ಮೂರು ವರ್ಷದ ವಾಯಿದೆ. ಕರಾರಿನಲ್ಲಿ ಗಡುವು ಬರೆದಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವನು ಆಗಲ್ಲ ಅಂದದ್ದು ನಿಮಗೆ ತಿಳಿದ ದಿನದಿಂದ.

ಗೀತಾ, ದಾವಣಗೆರೆ

ಪದದ ವಿಷಯ ನನಗೆ ಅಷ್ಟು ಗೊತ್ತಿಲ್ಲ. ನಮ್ಮಪ್ಪನ ಕತೆ ಹೇಳುತ್ತೇನೆ. 2014ರಲ್ಲಿ ಮೂವತ್ತು ನಲವತ್ತರ ಸೈಟು, 24 ಲಕ್ಷಕ್ಕೆ ಮಾತಾಯಿತು. 15 ಲಕ್ಷ ಕೊಟ್ಟರು. 200 ರೂಪಾಯಿ ಛಾಪಾ ಕಾಗದ, ನೋಟರಿ ಮೊಹರು. ‘ಸ್ವಾಧೀನ ಈ ದಿನವೇ ಬಿಟ್ಟುಕೊಟ್ಟಿರುತ್ತೇನೆ’ ಅಂತ ಅದರಲ್ಲೇ ಬರೆದಿತ್ತು. ಅಪ್ಪ ಬೇಲಿ ಹಾಕಿ ಎರಡು ತೆಂಗಿನ ಸಸಿ ನೆಟ್ಟರು. ಕೇಳಿದವರಿಗೆಲ್ಲ ‘ಪತ್ರ ಆಗಿದೆ’ ಅನ್ನುತ್ತಿದ್ದರು. ಎರಡು ವರ್ಷ ಕಳೆದು ಮಾರಿದವರು ಅದೇ ಸೈಟನ್ನು ಬೇರೆಯವರಿಗೆ ರಿಜಿಸ್ಟರ್ ಮಾಡಿಕೊಟ್ಟರು. ಅವರು ತೆಗೆಸಿದ ಇ.ಸಿ.ಯಲ್ಲಿ ನಮ್ಮ ಕಾಗದದ ಸುಳಿವೇ ಇಲ್ಲ.

ಕೋರ್ಟಿಗೆ ಹೋದಾಗ ಇನ್ನೊಂದು ಪೆಟ್ಟು. ಸ್ವಾಧೀನ ಪಡೆದಿದ್ದೀರಿ ಅಂದಮೇಲೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಕಟ್ಟಬೇಕಿತ್ತು ಅಂತ ಎದುರು ವಕೀಲರು ತಕರಾರು ತೆಗೆದರು. ನೂರಕ್ಕೆ ಐದರಂತೆ 1,20,000. ಅದರ ಮೇಲೆ ಹತ್ತು ಪಟ್ಟು ದಂಡ, ಅಂದರೆ ಇನ್ನೊಂದು 12 ಲಕ್ಷ. ಅದನ್ನು ಕಟ್ಟದೆ ಕಾಗದವನ್ನು ಸಾಕ್ಷ್ಯ ಅಂತ ತೆಗೆದುಕೊಳ್ಳುವುದಿಲ್ಲವಂತೆ. ‘ಪತ್ರ’ ಅನ್ನೋ ಪದ ಕೇಳಿದರೆ ಈಗಲೂ ಅಮ್ಮ ಎದ್ದು ಒಳಗೆ ಹೋಗುತ್ತಾರೆ.

ವಾಸುದೇವ

ಗೀತಾ ಅವರೇ, ಓದಿ ಬೇಜಾರಾಯಿತು. ಒಂದು ಮಾತು. ಆ ಬೇಲಿ ಮತ್ತು ಸಸಿ ಕ್ರಯಕ್ಕಿಂತ ಮುಂಚಿನವು ಅಂತ ತೋರಿಸಿದರೆ, ಎರಡನೆಯವರು ‘ನಮಗೇನೂ ಗೊತ್ತಿರಲಿಲ್ಲ’ ಅನ್ನೋದು ಕಷ್ಟ. ಸ್ಥಳದಲ್ಲಿ ಇನ್ನೊಬ್ಬರು ಇದ್ದಾರೆ ಅನ್ನೋದೇ ಕಾನೂನಿನ ಕಣ್ಣಲ್ಲಿ ತಿಳಿವಳಿಕೆ ಕೊಟ್ಟಂತೆ. ಅವರು ಸ್ಥಳ ನೋಡದೆ ಬರೀ ಇ.ಸಿ. ನಂಬಿದ್ದರೆ ಅದು ಅವರ ತಪ್ಪು. ನಿಮ್ಮ ವಕೀಲರನ್ನು ಈ ಬಗ್ಗೆ ಕೇಳಿ. ಸ್ವಾಧೀನ ಇದೆ ಅನ್ನೋದೊಂದನ್ನೇ ನೆಚ್ಚಬೇಡಿ. 2001ರ ತಿದ್ದುಪಡಿ ಆದಮೇಲೆ, ನೋಂದಣಿಯಾಗದ ಕರಾರು ಹಿಡಿದು ಸ್ವಾಧೀನ ಉಳಿಸಿಕೊಳ್ಳುವ ದಾರಿ ಮುಚ್ಚಿದೆ.

ಶ್ರೀಧರ

ಇಲ್ಲಿ ಪದ ಕೇಳಿದ್ದು, ವಕೀಲಿಕೆ ಅಲ್ಲ. ‘ಪತ್ರ’ವೇ ಗೊಂದಲದ ಮೂಲ ಅಂತ ಗೀತಾ ಅವರೇ ತೋರಿಸಿಕೊಟ್ಟರು. ಹಾಗಾದರೆ ಎರಡನೆಯದರಿಂದ ‘ಪತ್ರ’ ತೆಗೆಯಿರಿ. ‘ಮಾರುವ ಒಡಂಬಡಿಕೆ’ ಅನ್ನಿ. ಅಚ್ಚಗನ್ನಡ.

ಬಸವರಾಜ

ನಿನ್ನೆ ಸತ್ಯಂಕಾರ, ಇವತ್ತು ಅಚ್ಚಗನ್ನಡ. ಒಂದು ಕಡೆ ನಿಲ್ರೀ ಮಾರಾಯ್ರ. ಕರಾರು ನಮ್ಮ ಬಾಯಲ್ಲಿ ಪಳಗಿದ ಪದ. ಅದನ್ನ ಅರಬಿ ಅಂತ ಹೊರಗ ಹಾಕೋದಾದ್ರ ಖಾತೆ, ರಸೀದಿ, ತಹಶೀಲ್ದಾರ ಎಲ್ಲಾನೂ ಕಳಿಸ್ಬೇಕಾಗ್ತದ.

ಶ್ರೀಧರ

ಖಾತೆ ಅರಬಿ ಅಲ್ಲ. ಉಳಿದದ್ದಕ್ಕೆ ಉತ್ತರ ಕೊಡುವ ಅಗತ್ಯ ಕಾಣುತ್ತಿಲ್ಲ.

ಸುಜಾತಾ

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಹಾಕುತ್ತಿದ್ದೇನೆ. ತಲೆಬರಹದಲ್ಲಿ ‘ಕ್ರಯಪತ್ರ ಬೇರೆ, ಕ್ರಯದ ಕರಾರು ಬೇರೆ’. ಎರಡನೆಯದರಲ್ಲಿ ‘ಪತ್ರ’ ಇಲ್ಲ, ಅದು ಶ್ರೀಧರ ಸರ್ ಮಾತು. ಅದರ ಕೆಳಗೆ ‘ಕೊಟ್ಟಿರುತ್ತೇನೆ ಅಂತ ಇದೆಯೋ, ಕೊಡಲು ಒಪ್ಪಿರುತ್ತೇನೆ ಅಂತ ಇದೆಯೋ ನೋಡಿ’. ಅತ್ತೆಗೆ ಓದಿಸಿದೆ. ಅವರು ಒಳಗೆ ಹೋಗಿ ಬೀರು ತೆಗೆದು ನಮ್ಮ ಸೈಟಿನ ಕಾಗದ ತಂದು ಕನ್ನಡಕ ಹಾಕಿಕೊಂಡು ಕೂತಿದ್ದಾರೆ.

ನವೀನ

ಮೇಡಂ, ‘ಶುದ್ಧ’ ಅಂದರೆ ಸಾಲ ಗೀಲ ಏನೂ ಇಲ್ಲ ಅಂತ ತಾನೇ? ಅದನ್ನೂ ಒಂದು ಸಾಲು ಸೇರಿಸಿ.

ವಾಸುದೇವ

ಅಲ್ಲ. ಷರತ್ತಿಲ್ಲದ ಕ್ರಯ ಅಂತ. ಸಾಲ ಇದೆಯೋ ಇಲ್ಲವೋ ಇ.ಸಿ. ತೆಗೆಸಿ ನೋಡಬೇಕು.