ಸಹಾಯ ಬೇಕು: ಪೈ ನಕ್ಷೆಯ ಕೋನಗಳು 364 ಡಿಗ್ರಿ ಆಗ್ತಿವೆ

ಎಲ್ಲರಿಗೂ ನಮಸ್ಕಾರ. ಕಲಬುರಗಿ ಹತ್ತಿರದ ಹಳ್ಳಿಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ದತ್ತಾಂಶಗಳ ನಿರ್ವಹಣೆ ವರ್ಕ್‌ಶೀಟ್ ಒಂದನ್ನು ಗಣಿತದ ಮೇಷ್ಟ್ರು ಯಾರಾದರೂ ನೋಡಿ ಹೇಳಬೇಕು.

40 ಮನೆಗಳ ಮುಖ್ಯ ಬೆಳೆಯ ಸ್ತಂಭ ನಕ್ಷೆ ಕೊಟ್ಟಿದ್ದಾರೆ. ತೊಗರಿ 18, ಜೋಳ 10, ಕಡಲೆ 5. ಹತ್ತಿಯ ಸ್ತಂಭ ಮಾತ್ರ 6 ಮತ್ತು 8ರ ಗೆರೆಗಳ ನಡುವೆ ನಿಂತಿದೆ. ಅದನ್ನು 7 ಅಂತ ಓದಿದರೆ ಒಟ್ಟು ಸರಿಯಾಗಿ 40 ಬರುತ್ತದೆ.

ಇನ್ನು ಪೈ ನಕ್ಷೆ. 360 ಡಿಗ್ರಿಯನ್ನು 40ರಿಂದ ಭಾಗಿಸಿದರೆ ಒಂದು ಮನೆಗೆ 9 ಡಿಗ್ರಿ. ಹಾಗಾಗಿ ತೊಗರಿಗೆ 162, ಜೋಳಕ್ಕೆ 90, ಹತ್ತಿಗೆ 63, ಕಡಲೆಗೆ 45. ಕೂಡಿದರೆ 360.

ಆದರೆ ಉತ್ತರದ ಹಾಳೆಯಲ್ಲಿ ಹತ್ತಿಗೆ 65, ಕಡಲೆಗೆ 47 ಇದೆ. ಒಟ್ಟು 364! ಕೋನಮಾಪಕ ಇಟ್ಟು ಬರೆಯುತ್ತಾ ಹೋದರೆ ಕೊನೆಯ ಭಾಗಕ್ಕೆ ಜಾಗ ಸಾಲುವುದಿಲ್ಲ, ಅಲ್ವಾ? ಮೊದಲು ಶೇಕಡಾ ತೆಗೆದು 17.5 ಅನ್ನು 18, 12.5 ಅನ್ನು 13 ಮಾಡಿ, ಆಮೇಲೆ 3.6ರಿಂದ ಗುಣಿಸಿದ್ದಾರೆ ಅಂತ ನನಗೆ ಅನಿಸುತ್ತದೆ.

ನನ್ನ ಲೆಕ್ಕ ಸರಿಯೇ? ಶೇಕಡಾ ದಾರಿಯಲ್ಲೇ ಮಾಡಿ 65 ಬರೆದ ಮಕ್ಕಳಿಗೆ ಎಷ್ಟು ಅಂಕ ಕೊಡುತ್ತೀರಿ? ಮಕ್ಕಳಿಗೆ ಹಾಳೆ ವಾಪಸ್ ಕೊಡುವ ಮೊದಲು ತಿಳಿಸಿ, ದಯವಿಟ್ಟು.